ಹಿತ್ತಾಳೆ ಅಂತ ತೂಕಕ್ಕೆ ಹಾಕೋ ಮುಂಚೆ ಒಂದ್ಸಲ ತಟ್ಟಿ ನೋಡಿ

ಎಲ್ರಿಗೂ ನಮಸ್ಕಾರ. ಹಾಸನದ ಹತ್ರ ನಮ್ಮ ದೊಡ್ಡಮ್ಮನ ಮನೇಲಿದೀನಿ, ಹಿಂದ್ಗಡೆ ಕಾಣ್ತಿರೋ ರಾಶಿ ಎಲ್ಲಾ ಅಟ್ಟದಿಂದ ಇಳ್ಸಿರೋ ಪಾತ್ರೆಗಳು. ಹಂಡೆ, ಕೊಳಗ, ಬಿಂದಿಗೆ, ಚೊಂಬು, ತಟ್ಟೆ, ಎಲ್ಲಾ ಕಪ್ಪಾಗಿ ಒಂದೇ ಥರ ಕಾಣ್ತಿದೆ. ಮೊನ್ನೆ ಹಳೇ ಸಾಮಾನು ತಗೊಳ್ಳೋರು ಒಬ್ರು ಬಂದು ಎಲ್ಲಾ ಹಿತ್ತಾಳೆನೇ ಕಣಮ್ಮ, ಒಟ್ಟಿಗೆ ತೂಕ ಹಾಕ್ಬಿಡ್ತೀನಿ ಅಂದ್ರಂತೆ, ದೊಡ್ಡಮ್ಮ ಇರ್ಲಿ ತಡೀರಪ್ಪಾ ಅಂತ ನಂಗೆ ಫೋನ್ ಮಾಡಿದ್ರು. ತಡೆದಿದ್ದು ಒಳ್ಳೇದಾಯ್ತು, ಯಾಕಂದ್ರೆ ಇದ್ರಲ್ಲಿ ಕಂಚು ಇದೆ, ಕಂಚು ಹಿತ್ತಾಳೆಗಿಂತ ತುಂಬಾ ದುಬಾರಿ, ಮತ್ತೆ ಅಂಥ ತಟ್ಟೆ ಈಗ ಮಾಡ್ಸೋಕೂ ಕಷ್ಟ.

ಫಸ್ಟ್ ಮ್ಯಾಗ್ನೆಟ್. ಫ್ರಿಡ್ಜ್ ಮೇಲೆ ಅಂಟಿಸ್ತೀವಲ್ಲ ಅದೇ ಸಾಕು. ತಾಮ್ರ, ಹಿತ್ತಾಳೆ, ಕಂಚು ಮೂರಕ್ಕೂ ಮ್ಯಾಗ್ನೆಟ್ ಹಿಡಿಯಲ್ಲ. ಈ ಚೊಂಬು ನೋಡಿ, ಮೇಲೆ ನೋಡೋಕೆ ಅಪ್ಪಟ ತಾಮ್ರ, ಮ್ಯಾಗ್ನೆಟ್ ಇಟ್ಟ ತಕ್ಷಣ ಟಕ್ ಅಂತ ಕಚ್ಕೊಳ್ತು. ಅಂದ್ರೆ ಒಳಗಿರೋದು ಕಬ್ಬಿಣ ಇಲ್ಲಾ ಸ್ಟೀಲು, ಮೇಲಿರೋದು ಬರೀ ತಾಮ್ರದ ಲೇಪ, ಇದ್ರಲ್ಲಿ ನೀರಿಟ್ಟು ಕುಡೀಬೇಕು ಅಂತ ತಂದಿದ್ರೆ ಲೇಪ ಸವೆದ ಕಡೆ ತುಕ್ಕು ಬರುತ್ತೆ ಅಷ್ಟೇ. ದೀಪದ ಕಂಬಗಳಲ್ಲೂ ಈ ಕೆಲ್ಸ ಇರುತ್ತೆ, ಒಳಗೆ ಕಬ್ಬಿಣ ಮೇಲೆ ಹಳದಿ ಪಾಲಿಶ್. ಸಂತೆಗೋ ಅಂಗಡಿಗೋ ಹೋಗೋವಾಗ ಒಂದು ಚಿಕ್ಕ ಮ್ಯಾಗ್ನೆಟ್ ಜೇಬಲ್ಲಿರ್ಲಿ.

ಆಮೇಲೆ ಹುಣಸೆಹಣ್ಣು, ಉಪ್ಪು. ಪಾತ್ರೆ ಇಡೀ ತಿಕ್ಕೋದು ಬೇಡ, ಒಂದು ರೂಪಾಯಿ ನಾಣ್ಯದಷ್ಟು ಜಾಗ ತಿಕ್ಕಿ ತೊಳ್ದು ಬಿಸಿಲಲ್ಲಿ ನೋಡಿ, ಟ್ಯೂಬ್‌ಲೈಟಲ್ಲಿ ನೋಡಿದ್ರೆ ಮೋಸ ಹೋಗ್ತೀರ. ಈ ಹಂಡೆ ನೋಡಿ, ಸ್ನಾನದ ನೀರು ಕಾಸ್ತಿದ್ದ ಹಂಡೆ, ಹೊರಗಡೆ ಮಸಿ ಪದರ ಪದರ ಇದೆ, ತಿಕ್ಕಿದ ಜಾಗ ಮಾತ್ರ ಗುಲಾಬಿಗೆಂಪು. ಅದು ತಾಮ್ರ, ಅನುಮಾನನೇ ಇಲ್ಲ. ಈ ಬಿಂದಿಗೆ ತಿಕ್ಕಿದ್ರೆ ನಿಂಬೆಹಳದಿ ಥರ ಹೊಳೀತಿದೆ, ಇದು ಹಿತ್ತಾಳೆ, ಅಂದ್ರೆ ತಾಮ್ರಕ್ಕೆ ಸತು ಸೇರ್ಸಿರೋದು. ತಿಕ್ಕಿದ್ರೂ ಬಣ್ಣ ಒಂಚೂರೂ ಬದ್ಲಾಗ್ಲಿಲ್ಲ ಅಂದ್ರೆ ಮೇಲೆ ವಾರ್ನಿಷ್ ಇದೆ ಅಂತ, ಹೊಸ ಶೋಪೀಸ್ ಥರದ ತಾಮ್ರದಲ್ಲಿ ಇದು ಜಾಸ್ತಿ. ಅದು ಹೋಗೋವರೆಗೂ ಅದ್ರಲ್ಲಿ ಕುಡಿಯೋ ನೀರು ಇಡ್ಬೇಡಿ.

ಈಗ ಕಷ್ಟದ ವಿಷ್ಯ, ಹಿತ್ತಾಳೆ ಯಾವ್ದು ಕಂಚು ಯಾವ್ದು. ಕಂಚು ಅಂದ್ರೆ ತಾಮ್ರಕ್ಕೆ ತವರ ಸೇರ್ಸಿರೋದು, ತಟ್ಟೆ, ಗಂಟೆ, ಜಾಗಟೆ ಮಾಡೋ ಒಳ್ಳೇ ಕಂಚಲ್ಲಿ ಸುಮಾರು ಐದರಲ್ಲಿ ಒಂದು ಭಾಗ ತವರ ಇರುತ್ತೆ. ಬಣ್ಣ ನೋಡಿದ್ರೆ ಎರಡೂ ಹಳದಿನೇ, ಕಂಚು ಸ್ವಲ್ಪ ಮಬ್ಬು, ಕಂದು ಕಡೆ ವಾಲಿರುತ್ತೆ. ಆದ್ರೆ ಬರೀ ಬಣ್ಣ ನಂಬೋಕಾಗಲ್ಲ, ಸತು ಕಮ್ಮಿ ಇರೋ ಹಿತ್ತಾಳೆನೂ ಕೆಂಪಗೇ ಕಾಣುತ್ತೆ. ಕೈಯಲ್ಲಿ ಹಿಡಿದು ಭಾರ ಇದೆ, ಕಂಚೇ ಇರ್ಬೇಕು ಅಂತಾರೆ ಕೆಲವ್ರು, ಅದೂ ಆಗಲ್ಲ. ಒಂದೇ ಅಳತೆ ಹಿತ್ತಾಳೆಗೂ ಕಂಚಿಗೂ ತೂಕದಲ್ಲಿ ವ್ಯತ್ಯಾಸ ತೀರಾ ಕಮ್ಮಿ, ಕೈಗೆ ಗೊತ್ತಾಗಲ್ಲ. ಕಂಚಿನ ತಟ್ಟೆ ದಪ್ಪ ಇರುತ್ತೆ ಅದಕ್ಕೆ ಭಾರ ಅನ್ಸುತ್ತೆ.

ಸದ್ದು ಕೇಳಿ. ತಟ್ಟೆನ ಅಂಗೈಮೇಲೆ ಇಟ್ಕೊಂಡ್ರೆ ಸದ್ದು ಕಟ್ಟಿ ಹಾಕ್ದಂಗಾಗುತ್ತೆ, ಐದು ಬೆರಳ ತುದಿ ಮೇಲೆ ಹೀಗೆ ಎತ್ತಿ ಹಿಡ್ಕೊಂಡು ಅಂಚಿಗೆ ಇನ್ನೊಂದು ಕೈ ಬೆರಳಿಂದ ತಟ್ಟಿ. ಇದು ಹಿತ್ತಾಳೆ ತಟ್ಟೆ... ಟಣ್ ಅಂತು, ನಿಂತ್ಹೋಯ್ತು. ಈಗ ಇದು... ಕೇಳ್ತಿದೆಯಾ, ನಾನು ಮಾತಾಡ್ತಿದ್ರೂ ಇನ್ನೂ ಗುಂಯ್ ಅಂತಾನೇ ಇದೆ, ಕೈಗೂ ನಡುಕ ಗೊತ್ತಾಗ್ತಿದೆ. ಇದು ಕಂಚು. ದೇವಸ್ಥಾನದ ಒಳ್ಳೇ ಗಂಟೆ, ಜಾಗಟೆ, ಭಜನೆ ತಾಳ ಎಲ್ಲಾ ಕಂಚಲ್ಲಿ ಮಾಡೋದು ಇದೇ ನಾದಕ್ಕೆ. ತಾಮ್ರ ತಟ್ಟಿದ್ರೆ ಬರೀ ದಬ್ ಅನ್ನುತ್ತೆ. ಒಂದು ವಿಷ್ಯ, ಕಂಚಲ್ಲಿ ಕೂದಲೆಳೆ ಬಿರುಕಿದ್ರೂ ಸದ್ದು ಒಡಕಾಗ್ಬಿಡುತ್ತೆ, ಅದಕ್ಕೆ ಸದ್ದು ಬರ್ಲಿಲ್ಲ ಅಂತ ತಕ್ಷಣ ಹಿತ್ತಾಳೆ ಅನ್ಬೇಡಿ, ಇನ್ನೊಂದು ಗುರುತು ನೋಡಿ.

ಆ ಗುರುತು ಏನಂದ್ರೆ ನೆಗ್ಗು ಮತ್ತೆ ಬೆಸುಗೆ. ಈ ಬಿಂದಿಗೆ ಹೊಟ್ಟೆ ಮೇಲೆ ನೆಗ್ಗಿದೆ, ಬಾವಿಕಟ್ಟೆಗೆ ತಾಗಿರ್ಬೇಕು. ಒಳಗೆ ಟಾರ್ಚ್ ಬಿಟ್ರೆ ಹಲ್ಲು ಹಲ್ಲಾಗಿ ಒಂದು ಗೆರೆ ಕಾಣುತ್ತೆ, ಎರಡು ತಗಡು ಹಲ್ಲು ಕೂರ್ಸಿ ಬೆಸೆದಿರೋದು ಅದು. ಹಿತ್ತಾಳೆ, ತಾಮ್ರ ಎರಡನ್ನೂ ತಗಡು ಮಾಡಿ ಬಗ್ಗಿಸಿ ಬಡೀಬಹುದು. ಕಂಚು ಹಾಗಲ್ಲ, ಅಚ್ಚಿಗೆ ಹೊಯ್ಬೇಕು ಇಲ್ಲಾ ಕೆಂಪಗೆ ಕಾಯ್ಸಿ ಕಾಯ್ಸಿ ಬಡೀಬೇಕು, ತಣ್ಣಗಿದ್ದಾಗ ಬಡಿದ್ರೆ ಒಡೆಯುತ್ತೆ. ಅದಕ್ಕೇ ಇಂಥ ಹಳೇ ಕಂಚು ಕೆಳಗೆ ಬಿದ್ರೆ ನೆಗ್ಗಲ್ಲ, ಸೀಳುತ್ತೆ ಇಲ್ಲಾ ಅಂಚು ಚೂರು ಹಾರುತ್ತೆ. ಈ ರಾಶೀಲಿ ಮೂರು ತಟ್ಟೆ, ಒಂದು ಬಟ್ಟಲು, ಒಂದು ಕೈಗಂಟೆ ಕಂಚು ಸಿಕ್ತು. ಅದ್ರಲ್ಲಿ ಒಂದು ತಟ್ಟೆ ಅಂಚು ಸೀಳಿದೆ, ಅದನ್ನೂ ಕೊಡಬಾರ್ದು ಅಂತ ನಾನು ಹೇಳ್ದೆ, ಯಾಕಂದ್ರೆ ಕಂಚು ಮುರಿದ್ರೂ ಕಂಚಿನ ಬೆಲೆಗೇ ಹೋಗ್ಬೇಕು, ಹಿತ್ತಾಳೆ ರೇಟಿಗಲ್ಲ.

ಸರಿ, ಇನ್ನು ಅಡುಗೆ. ಇಲ್ಲಿ ಹೊರಗಡೆ ಯಾವ ಲೋಹ ಅನ್ನೋದಕ್ಕಿಂತ ಒಳಗಡೆ ಕಲಾಯಿ ಇದ್ಯಾ ಇಲ್ವಾ ಅನ್ನೋದೇ ಮುಖ್ಯ. ಈ ಹಿತ್ತಾಳೆ ಕೊಳಗದ ಒಳಗೆ ನೋಡಿ, ಮೇಲ್ಭಾಗ ಬೆಳ್ಳಗೆ ಬೆಳ್ಳಿ ಥರ ಇದೆ, ತಳದಲ್ಲಿ ಮಾತ್ರ ಅಂಗೈಯಗಲ ಹಳದಿ ಕಾಣ್ತಿದೆ. ಬೆಳ್ಳಗಿರೋದು ತವರ, ಹಳದಿ ಕಾಣ್ತಿರೋ ಕಡೆ ಕಲಾಯಿ ಹೋಗಿದೆ. ಇದ್ರಲ್ಲಿ ಹುಳಿ ಸಾರು ಮಾಡಿದ್ರೆ ಹುಣಸೆ ಹುಳಿ, ಟೊಮೇಟೊ ಹುಳಿ ತಾಮ್ರನೂ ಸತುನೂ ಕರಗ್ಸುತ್ತೆ, ಸಾರು ಕಿಲುಬು ಕಿಲುಬು ಅನ್ನುತ್ತೆ, ಬಾಯೆಲ್ಲಾ ಒಗರು, ಹೊಟ್ಟೆ ತೊಳಸುತ್ತೆ, ವಾಂತಿನೂ ಆಗ್ಬಹುದು. ಹಿತ್ತಾಳೇಲಿ ಹುಳಿ ಕೆಲ್ಸ ಮಾಡಿದೆ ಅನ್ನೋಕೆ ಕಣ್ಣಿಗೇ ಸಾಕ್ಷಿ ಸಿಗುತ್ತೆ, ಆ ಜಾಗ ನಸುಗೆಂಪಾಗಿರುತ್ತೆ, ಸತು ಬಿಟ್ಟೋಗಿ ತಾಮ್ರ ಉಳ್ಕೊಂಡಿರುತ್ತೆ ಅಲ್ಲಿ. ತಿಕ್ಕೋಕೆ ಅಂತ ಹುಣಸೆಹಣ್ಣು ಹಚ್ಚಿ ರಾತ್ರಿಯಿಡೀ ಬಿಟ್ರೂ ಹೀಗೇ ಆಗುತ್ತೆ, ಹಚ್ಚಿ ಒಂದೆರಡು ನಿಮಿಷಕ್ಕೆ ತೊಳೆದ್ಬಿಡಿ.

ಹಿಂದೆ ಕಲಾಯಿ ಹಾಕೋರು ಬೀದಿಗೆ ಬರೋರು, ಈಗ ಹುಡುಕ್ಬೇಕು, ಹಳೇ ಪೇಟೆ ಬೀದಿಗಳಲ್ಲಿ, ಪಾತ್ರೆ ಅಂಗಡೀಲಿ ಕೇಳಿದ್ರೆ ಹೇಳ್ತಾರೆ. ಪಾತ್ರೆ ಚೆನ್ನಾಗಿ ತಿಕ್ಕಿ, ಇದ್ದಿಲ ಬೆಂಕಿ ಮೇಲೆ ಕಾಯ್ಸಿ, ನವಸಾಗರದ ಪುಡಿ ಉದುರಿಸ್ತಾರೆ, ಬುಸ್ ಅಂತ ಬಿಳಿ ಹೊಗೆ ಬರುತ್ತೆ, ಆಗ ತವರದ ಕಡ್ಡಿ ತಾಗ್ಸಿ ಹತ್ತಿಯಿಂದ ಒಂದೇ ಸುತ್ತಿಗೆ ಒಳಗೆಲ್ಲಾ ಸವರ್ತಾರೆ. ನೀವು ಪಕ್ಕದಲ್ಲೇ ನಿಂತ್ಕೊಳ್ಳಿ, ಆ ಕಡ್ಡಿ ನೋಡ್ತೀನಿ ಅಂತ ಕೇಳಿ. ಅಪ್ಪಟ ತವರದ ಕಡ್ಡಿ ಕಿವಿ ಹತ್ರ ಹಿಡಿದು ಬಗ್ಗಿಸಿದ್ರೆ ಚಿರಚಿರ ಅಂತ ಸಣ್ಣ ಸದ್ದು ಬರುತ್ತೆ. ಸೀಸ ಜಾಸ್ತಿ ಬೆರೆಸಿರೋ ಕಡ್ಡಿ ಕಾಗದದ ಮೇಲೆ ಗೀಚಿದ್ರೆ ಬೂದು ಗೆರೆ ಬಿಡುತ್ತೆ. ಸೀಸ ಊಟಕ್ಕೆ ಸೇರೋದು ಕಿಲುಬಿಗಿಂತ ಕೆಟ್ಟದ್ದು, ಇದ್ರಲ್ಲಿ ದಾಕ್ಷಿಣ್ಯ ಮಾಡ್ಕೋಬೇಡಿ.

ಕಲಾಯಿ ಆದ್ಮೇಲೂ ಒಂದು ಮಿತಿ ಇದೆ. ತವರ ಕರಗೋದು 232 ಡಿಗ್ರಿಗೆ. ಖಾಲಿ ಪಾತ್ರೆ ಜೋರು ಉರಿ ಮೇಲೆ ಇಟ್ಟು ಮರೆತ್ರೆ, ಒಣ ಮೆಣಸಿನಕಾಯಿ ಹುರಿಯೋಕೆ ಹೋದ್ರೆ, ಎಣ್ಣೆ ಹೊಗೆಯಾಡೋವರೆಗೂ ಕಾಯ್ಸಿದ್ರೆ, ಕಲಾಯಿ ಕರಗಿ ಮಣಿ ಮಣಿಯಾಗಿ ಕೂರುತ್ತೆ. ನೀರು, ಹಾಲು, ಬೇಳೆ ಇರೋವರೆಗೂ ಪಾತ್ರೆ ಅಷ್ಟು ಕಾಯಲ್ಲ, ಅದಕ್ಕೆ ಪಾಯಸ, ಹುಗ್ಗಿ, ಅನ್ನ, ಬೇಳೆ ಬೇಯ್ಸೋಕೆ ಕಲಾಯಿ ಹಾಕಿದ ಹಿತ್ತಾಳೆ ಕೊಳಗ ತುಂಬಾ ಚೆನ್ನ, ಬಿಸಿ ಸಮನಾಗಿ ಹರಡುತ್ತೆ, ಸ್ಟೀಲ್ ಥರ ನಡುವಲ್ಲೇ ಸೀಯಲ್ಲ. ಒಗ್ಗರಣೆ ಬೇರೆ ಸೌಟಲ್ಲಿ ಹಾಕಿ, ಮರದ ಸೌಟಲ್ಲಿ ಕೈಯಾಡ್ಸಿ, ಸ್ಟೀಲ್ ಜುಂಗು ತಾಗಿಸ್ಬೇಡಿ.

ಕಂಚಿಗೆ ಕಲಾಯಿ ಬೇಡ. ಅದ್ರಲ್ಲಿ ಬಿಸಿ ಅನ್ನ, ತುಪ್ಪ ಹಾಕ್ಕೊಂಡು ಊಟ ಮಾಡಿ, ಊಟಕ್ಕೆ ಅದಕ್ಕಿಂತ ಒಳ್ಳೇ ತಟ್ಟೆ ಇಲ್ಲ ಅಂತ ನನ್ನ ಅಭಿಪ್ರಾಯ. ಊಟದಲ್ಲಿ ಮಜ್ಜಿಗೆ ಬಿದ್ರೆ ಏನೂ ಆಗಲ್ಲ, ಆದ್ರೆ ಮೊಸರನ್ನ ರಾತ್ರಿ ಅದ್ರಲ್ಲೇ ಮುಚ್ಚಿಟ್ರೆ ಬೆಳಿಗ್ಗೆ ಹಸಿರು ಕಟ್ಟಿರುತ್ತೆ. ಸುಡೋ ಪಾತ್ರೆಗೆ ತಣ್ಣೀರು ಸುರೀಬೇಡಿ, ಬಿರುಕು ಬಿಡುತ್ತೆ.

ಇಟ್ಕೊಳ್ಳೋಕೆ, ಅಂದ್ರೆ ಮೊಸರು, ಹುಣಸೆರಸ, ಉಳಿದ ಸಾರು, ಇದಕ್ಕೆಲ್ಲಾ ಸ್ಟೀಲೇ. ಕ್ರೋಮಿಯಂ ಇರೋದ್ರಿಂದ ಮೇಲೆ ತಾನಾಗೇ ಒಂದು ತೆಳು ಪದರ ಕಟ್ಕೊಳ್ಳುತ್ತೆ, ಹುಳಿ ಅಷ್ಟು ಸುಲಭಕ್ಕೆ ಮುಟ್ಟಲ್ಲ. ಸ್ಟೀಲಿಗೆ ಮ್ಯಾಗ್ನೆಟ್ ಹಿಡಿದ್ರೆ ಕಳಪೆ ಅಂತಾರಲ್ಲ, ಅದು ಪೂರ್ತಿ ನಿಜ ಅಲ್ಲ. ಸ್ಟೀಲಲ್ಲಿ ನಂಬರ್ ಹಾಕಿರೋ ಗ್ರೇಡುಗಳಿವೆ, ನಿಕ್ಕಲ್ ಇಲ್ದಿರೋ 430ಗೆ ಹಿಡಿಯುತ್ತೆ, 304ಕ್ಕೆ ಸಾಮಾನ್ಯವಾಗಿ ಹಿಡಿಯಲ್ಲ, ಆದ್ರೆ ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿರೋ ಅಗ್ಗದ 202ಗೂ ಹಿಡಿಯಲ್ಲ, ಅದಕ್ಕೆ ಮ್ಯಾಗ್ನೆಟ್ ನಂಬಿ 304 ಅಂತ ತಗೋಬೇಡಿ, ಅಚ್ಚು ನೋಡಿ, ಬಿಲ್ಲಲ್ಲಿ ಬರೆಸ್ಕೊಳ್ಳಿ. ವರ್ಷಗಟ್ಲೆ ಇಡೋ ಉಪ್ಪಿನಕಾಯಿ ಮಾತ್ರ ಸ್ಟೀಲಲ್ಲೂ ಬೇಡ, ಉಪ್ಪು ಸ್ಟೀಲನ್ನೂ ಚುಕ್ಕೆ ಚುಕ್ಕೆಯಾಗಿ ತಿನ್ನುತ್ತೆ, ಭರಣೀಲಿ ಹಾಕಿ.

ತಾಮ್ರದ ಬಿಂದಿಗೆ ಬರೀ ನೀರಿಗೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆಂಗಳೂರಿನ ಸಂಶೋಧಕರೂ ಇದ್ರು ಅದ್ರಲ್ಲಿ, ಭೇದಿ ತರೋ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನ ತಾಮ್ರದ ಪಾತ್ರೇಲಿ 16 ಗಂಟೆ ಇಟ್ಟು ನೋಡಿದ್ರೆ ಬ್ಯಾಕ್ಟೀರಿಯಾ ಉಳ್ದಿರ್ಲಿಲ್ಲ, ನೀರಿಗೆ ಇಳಿದ ತಾಮ್ರನೂ ಮಿತಿ ಒಳಗೇ ಇತ್ತು. ರಾತ್ರಿ ತುಂಬಿಸಿ ಬೆಳಿಗ್ಗೆ ಕುಡಿಯೋದು ಸರಿನೇ. ಅದಕ್ಕೆ ನಿಂಬೆಹಣ್ಣು ಹಿಂಡೋದು, ಮಜ್ಜಿಗೆ ಹಾಕಿಡೋದು ಮಾತ್ರ ಮಾಡ್ಬೇಡಿ. ಕೆಮಿಕಲ್ ಬೆರೆತ ನೀರು ಇದ್ರಿಂದ ಶುದ್ಧ ಆಗಲ್ಲ.

ದೇವರ ಮನೆ ಲೆಕ್ಕನೂ ಹೆಚ್ಚುಕಮ್ಮಿ ಇದೇ ದಾರೀಲಿದೆ. ಕಲಶ, ಪಂಚಪಾತ್ರೆ, ಉದ್ಧರಣೆ ತಾಮ್ರ, ಯಾಕಂದ್ರೆ ಅದ್ರಲ್ಲಿರೋದು ನೀರು, ತುಳಸಿ. ದೀಪ, ಆರತಿ ತಟ್ಟೆ ಹಿತ್ತಾಳೆ. ಗಂಟೆ ಕಂಚು. ಹಾಲು, ಮೊಸರು, ಜೇನು ತಾಮ್ರದಲ್ಲಿ ಹಾಕ್ಬಾರ್ದು, ತುಪ್ಪ ಆದ್ರೆ ಪರ್ವಾಗಿಲ್ಲ ಅಂತ ದೊಡ್ಡಮ್ಮ ಹೇಳ್ತಾರೆ, ಪುರೋಹಿತರೂ ಅದನ್ನೇ ಹೇಳೋದು. ಕಬ್ಬಿಣದ ಜಾತಿ ಅಂತ ಪೂಜೆಗೆ ಸ್ಟೀಲ್ ಬಳಸಲ್ಲ ಇವ್ರ ಮನೇಲಿ, ಅದಕ್ಕೆ ಪಂಚಾಮೃತ ಬೆಳ್ಳಿ ಬಟ್ಟಲಲ್ಲಿ. ಬೆಳ್ಳಿ ಇಲ್ಲ ಅಂದ್ರೆ ಒಳಗೆ ಕಲಾಯಿ ಇರೋ ಹಿತ್ತಾಳೆ ಬಟ್ಟಲಲ್ಲಿ ಆಗಿಂದಾಗ್ಲೇ ಕಲಸಿ, ಪೂಜೆ ಮುಗೀತಿದ್ದಂಗೆ ಹಂಚ್ಬಿಡಿ. ಪಂಚಪಾತ್ರೇಲಿ ಉಳಿದ ತೀರ್ಥ ಸಂಜೆವರೆಗೂ ಬಿಡ್ಬೇಡಿ, ತೊಳ್ದು ಒಣ ಬಟ್ಟೇಲಿ ಒರೆಸಿ ಬೋರಲು ಹಾಕಿ, ಕಿಲುಬು ಶುರುವಾಗೋದು ಆ ತಳದ ಹನಿ ನೀರಲ್ಲೇ.