ಕಪಿ, ಕಪ್ಪೆ ಮತ್ತು ಹ್ಯಾಪಿ

(ಬಾಗಲಕೋಟೆಯಲ್ಲಿ ಇಂಗ್ಲಿಷ್ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸ)

ಶಿಕ್ಷಕ ಬಂಧುಗಳೆ,

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ನಿಮಗೆ ಹೊಸದಲ್ಲ. ಇವತ್ತು ಅದರಿಂದ ‘ಕಪ್ಪೆ’ ಎನ್ನುವ ಒಂದೇ ಪದ ಸಾಕು. ಬರೆಯುವಾಗ ಅದನ್ನು ಕ, ಪ್ಪೆ ಎಂದು ಬಿಡಿಸುತ್ತೇವೆ. ಪ್ರಸ್ತಾರ ಹಾಕುವಾಗ ಮಾತ್ರ ‘ಕ’ದ ಮೇಲೆ ಗುರು ಇಡುತ್ತೇವೆ, ಯಾಕಂದರೆ ಮುಂದೆ ಒತ್ತಕ್ಷರ ಇದೆ. ಅಂದರೆ ಕಿವಿಗೆ ಬಿದ್ದದ್ದು ಕಪ್-ಪೆ. ಲಿಪಿ ಕತ್ತರಿಸುವ ಜಾಗ ಬೇರೆ, ಕಿವಿ ಕತ್ತರಿಸುವ ಜಾಗ ಬೇರೆ. ಇಂಗ್ಲಿಷ್ ಪದವನ್ನು ಸಿಲೆಬಲ್‌ಗಳಾಗಿ ಒಡೆಯುವಾಗ ನಮ್ಮ ಮಕ್ಕಳು ಎಡವುವುದು ಇಲ್ಲೇ.

ಮೊದಲು ನಿಯಮ ನೋಡೋಣ. ಎರಡು ಸ್ವರಗಳ ನಡುವೆ ಇರುವ ವ್ಯಂಜನಗಳನ್ನು ಆದಷ್ಟು ಮುಂದಿನ ಸ್ವರಕ್ಕೇ ಕೊಡಬೇಕು. ಷರತ್ತು ಒಂದೇ: ಆ ಗುಂಪಿನಿಂದ ಇಂಗ್ಲಿಷಿನ ಒಂದು ಪದ ಶುರುವಾಗುವಂತಿರಬೇಕು. ಇದನ್ನು ಗರಿಷ್ಠ ಆರಂಭ ನಿಯಮ ಎನ್ನೋಣ. ‘ಎಕ್ಸ್‌ಟ್ರಾ’ ತೆಗೆದುಕೊಳ್ಳಿ. ನಡುವೆ ಕ್, ಸ್, ಟ್, ರ್ ಇವೆ. ಬಲಗಡೆಯಿಂದ ಒಂದೊಂದೇ ಸೇರಿಸುತ್ತಾ ಬನ್ನಿ. ‘ರ್’ನಿಂದ ಪದ ಶುರುವಾಗುತ್ತದೆ, ‘ರನ್’ ಇದೆ. ‘ಟ್ರ್’ಗೆ ‘ಟ್ರೀ’ ಇದೆ, ‘ಸ್ಟ್ರ್’ಗೆ ‘ಸ್ಟ್ರೀಟ್’ ಇದೆ. ಮುಂದೆ ‘ಕ್’ ಸೇರಿಸಿದರೆ ಅಂಥ ಪದವೇ ಇಲ್ಲ. ಆದ್ದರಿಂದ ‘ಕ್’ ಹಿಂದೆ ಉಳಿಯಿತು: ಎಕ್, ಸ್ಟ್ರಾ. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಬರುವುದು ‘ಲೆಮನ್’ನಲ್ಲಿ. ನಡುವೆ ಇರುವುದು ಒಂದೇ ಮಕಾರ, ‘ಮ್’ನಿಂದ ಪದ ಶುರುವಾಗಬಹುದು. ನಿಯಮದ ಪ್ರಕಾರ ಲೆ, ಮನ್. ನಮ್ಮ ಕಿವಿಗೆ ಇದರಲ್ಲಿ ಏನೂ ತಪ್ಪು ಕಾಣದು, ‘ಮನೆ’ಯನ್ನು ಮ, ನೆ ಎಂದು ಒಡೆದಷ್ಟೇ ಸಲೀಸು. ಆದರೆ ಇಂಗ್ಲಿಷಿಗೆ ಒಂದು ಹಟ ಇದೆ. ಸ್ವರಭಾರ ಬಿದ್ದ ಸಿಲೆಬಲ್ ‘ಎ’, ‘ಆ್ಯ’ಗಳಂಥ ಹ್ರಸ್ವಸ್ವರದಲ್ಲಿ ಮುಗಿಯಬಾರದು, ಕೊನೆಗೆ ಒಂದು ವ್ಯಂಜನದ ಬಾಗಿಲು ಬೇಕು. ‘ಬೆಡ್’ ಇದೆ, ‘ಬೆಲ್’ ಇದೆ. ಬರೀ ‘ಬೆ’ ಎಂಬ ಪದ ಹುಡುಕಿ ನೋಡ್ರಿ, ಸಿಗದು. ಹಾಗಂತ ಮಕಾರವನ್ನು ಹಿಂದಕ್ಕೆ ಎಳೆದು ಲೆಮ್, ಅನ್ ಮಾಡಿದರೆ ಮೊದಲ ನಿಯಮ ಮುರಿಯುತ್ತದೆ. ‘ಡೀಮನ್’ನಲ್ಲಿ ಈ ಪೇಚಾಟ ಇಲ್ಲ. ಅಲ್ಲಿ ಸ್ವರ ದೀರ್ಘ, ಡೀ, ಮನ್ ಎಂದು ನೆಮ್ಮದಿಯಾಗಿ ಒಡೆಯುತ್ತದೆ.

1976ರಲ್ಲಿ ಭಾಷಾವಿಜ್ಞಾನಿ ಡೇನಿಯಲ್ ಕಾನ್ ಎಂಐಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಇಂಥ ವ್ಯಂಜನ ಎರಡೂ ಸಿಲೆಬಲ್‌ಗಳಿಗೆ ಸೇರಿದ್ದು ಎಂದು ವಾದಿಸಿದರು. ಇದೇ ಆಂಬಿಸಿಲ್ಯಾಬಿಕ್, ನಮ್ಮ ಮಾತಿನಲ್ಲಿ ಉಭಯಾಂಶ ವ್ಯಂಜನ. ಎರಡು ಹೊಲದ ನಡುವಿನ ಬದು ಇದ್ದಂತೆ: ಬದು ಒಂದೇ, ಆಚೆಯವನಿಗೂ ಅದೇ ಗಡಿ, ಈಚೆಯವನಿಗೂ ಅದೇ ಗಡಿ.

ಈ ‘ಒಂದೇ’ ಎನ್ನುವುದನ್ನು ಬಿಟ್ಟರೆ ‘ಹ್ಯಾಪಿ’ ಕೆಡುತ್ತದೆ. ಕಾಗುಣಿತದಲ್ಲಿ ಎರಡು ಪಿ ಕಾಣುತ್ತವೆ, ನಾವು ‘ಹ್ಯಾಪ್ಪಿ’ ಎಂದು ಒತ್ತಿಬಿಡುತ್ತೇವೆ. ಕಪಿ, ಕಪ್ಪೆ ಎರಡನ್ನೂ ಹೇಳಿ, ತುಟಿ ಗಮನಿಸಿ. ಕಪ್ಪೆಯಲ್ಲಿ ತುಟಿ ಮುಚ್ಚಿ ಒಂದು ಕ್ಷಣ ತಡೆದು ತೆರೆಯುತ್ತದೆ, ಕಪಿಯಲ್ಲಿ ತಡೆಯುವುದಿಲ್ಲ. ಹ್ಯಾಪಿಯ ಪಕಾರ ಕಪಿಯದ್ದು, ಕಪ್ಪೆಯದ್ದಲ್ಲ. ಎರಡು ಪಿ ಬರೆಯುವುದು ಹಿಂದಿನ ಸ್ವರ ಹ್ರಸ್ವ ಎಂದು ತೋರಿಸಲಿಕ್ಕೆ. ಇಂಗ್ಲಿಷಿನಲ್ಲಿ ನಿಜವಾದ ದ್ವಿತ್ವ ಬೇಕಿದ್ದರೆ ‘ಹಿಪ್ ಪಾಕೆಟ್’ನಂತೆ ಎರಡು ಪದ ಕೂಡುವ ಜಾಗದಲ್ಲಿ ಹುಡುಕಬೇಕು. ಆದ್ದರಿಂದ ಬೋರ್ಡಿನ ಮೇಲೆ ಹ್ಯಾಪ್, ಪಿ ಎಂದು ಬರೆಯಬೇಡಿ, ಮಕ್ಕಳು ಎರಡು ಸಲ ತುಟಿ ಮುಚ್ಚುತ್ತಾರೆ. ಒಂದೇ ಪಕಾರ ಬರೆದು, ಅದರಿಂದ ಎರಡೂ ಸಿಲೆಬಲ್‌ಗೆ ಒಂದೊಂದು ಗೆರೆ ಎಳೆಯಿರಿ. ಡಿಕ್ಷನರಿಯಲ್ಲಿ ಎರಡು ಪಿ ನಡುವೆ ಚುಕ್ಕೆ ಕಂಡರೆ, ಅದು ಸಾಲಿನ ಕೊನೆಗೆ ಪದ ಮುರಿಯಲು ಮುದ್ರಕರು ಪಾಲಿಸುವ ಪದ್ಧತಿ, ಉಚ್ಚಾರಣೆಯ ಸಾಕ್ಷಿಯಲ್ಲ.

ಉಸಿರಿನ ಸಾಕ್ಷಿಯೂ ಒಂದಿದೆ. ಬಾಯಿಯ ಮುಂದೆ ಅಂಗೈ ಹಿಡಿಯಿರಿ. ಇಂಗ್ಲಿಷ್ ಮಾತೃಭಾಷೆಯವರು ‘ಪಿನ್’ ಎಂದಾಗಲೂ ‘ಅಪಿಯರ್’ ಎಂದಾಗಲೂ ಪಕಾರದ ಬೆನ್ನಿಗೇ ಉಸಿರಿನ ಹೊಡೆತ ಬೀಳುತ್ತದೆ, ‘ಹ್ಯಾಪಿ’ಯಲ್ಲಿ ಅದು ತೀರಾ ಕಡಿಮೆ. ಈ ಪಕಾರ ಪೂರ್ತಿಯಾಗಿ ಎರಡನೆಯ ಸಿಲೆಬಲ್‌ನದ್ದಲ್ಲ ಎನ್ನುವವರು ಇದನ್ನೇ ಮುಂದಿಡುತ್ತಾರೆ. ಆದರೆ ‘ಕೀಪರ್’ನಲ್ಲಿ ಸ್ವರ ದೀರ್ಘ, ಬಾಗಿಲಿನ ಅಗತ್ಯವೇ ಇಲ್ಲ, ಅಲ್ಲೂ ಉಸಿರು ಕಡಿಮೆಯೇ. ಮುಂದಿನ ಸಿಲೆಬಲ್ ಮೇಲೆ ಸ್ವರಭಾರ ಇಲ್ಲದಿದ್ದರೆ ಸಾಕು, ನಡುವಿನ ವ್ಯಂಜನ ಉಭಯಾಂಶವಾಗುತ್ತದೆ ಎಂದು ಕಾನ್ ಇದನ್ನೂ ಒಳಗೆ ತಂದರು. ಇನ್ನು ಕೆಲವರು, ಸ್ವರಭಾರವೊಂದೇ ಉಸಿರನ್ನು ವಿವರಿಸುವಾಗ ಉಭಯಾಂಶ ಎಂಬ ಹೊಸ ವರ್ಗ ಯಾಕೆ ಎಂದು ಕೇಳುತ್ತಾರೆ. ನನಗೆ ಅವರ ಪ್ರಶ್ನೆ ಗಟ್ಟಿ ಎನಿಸುತ್ತದೆ. ಹಾಗಾಗಿ ‘ಲೆಮನ್’ಗೆ ನಾನು ಎರಡು ಗೆರೆ ಎಳೆಯುತ್ತೇನೆ, ‘ಕೀಪರ್’ ಅನ್ನು ಯಾರಾದರೂ ಕೀ, ಪರ್ ಎಂದು ಒಂದೇ ಗೆರೆಯಲ್ಲಿ ಒಡೆದರೆ ತಪ್ಪು ಹಾಕುವುದಿಲ್ಲ.