ಹಾಲು ಜಾಸ್ತಿ ಬಿತ್ತು, ಆಕಾಶ ಬೆಳ್ಳಗಾಯಿತು

ಗಾಜಿನ ತೊಟ್ಟಿ, ನೀರು, ಟಾರ್ಚು, ನಾಲ್ಕು ಹನಿ ಹಾಲು. ನೀರಿಗೆ ಹಾಲು ಹಾಕಿ ಈ ತುದಿಯಿಂದ ಟಾರ್ಚು ಬಿಟ್ಟೆ, ನೀವೇ ನೋಡಿದಿರಿ. ಈಗ ಪಕ್ಕದಿಂದ ನೋಡಿ, ನೀರಲ್ಲಿ ತೆಳು ನೀಲಿ. ಕ್ಯಾಮೆರಾ ಆ ತುದಿಗೆ ಹೋಗಲಿ... ಅದೇ ಟಾರ್ಚು, ಈಗ ಕಿತ್ತಳೆ! ಮಧ್ಯಾಹ್ನದ ಆಕಾಶ ಯಾಕೆ ನೀಲಿ, ಸಂಜೆ ಯಾಕೆ ಕೆಂಪು, ಎರಡೂ ಒಂದೇ ತೊಟ್ಟಿಯಲ್ಲಿವೆ.

ಇದು ಮೂರನೇ ಸಲ, ಹೇಳಿಬಿಡುತ್ತೇನೆ. ಮೊದಲ ಸಲ ಹನಿ ಹಾಕಲು ಹೋಗಿ ಕೈ ಜಾರಿತು, ಅರ್ಧ ಲೋಟ ಹಾಲು ಬಿತ್ತು. ನೀಲಿಯೂ ಇಲ್ಲ, ಕಿತ್ತಳೆಯೂ ಇಲ್ಲ, ಬರೀ ಬಿಳಿ. ತೊಟ್ಟಿ ತೊಳೆದೆ. ಒಳಗೆ ಜಿಡ್ಡು ಉಳಿದಿತ್ತು, ಎರಡನೇ ಸಲವೂ ಮಬ್ಬು. ಮತ್ತೆ ತೊಳೆದೆ. ಸಿಟ್ಟು ಬಂತು, ನಿಜ. ಆದರೆ ಆ ಬಿಳಿಯೂ ಸುಳ್ಳಲ್ಲ. ಹಾಲಿನ ಕಣ ಜಾಸ್ತಿಯಾದರೆ ಬೆಳಕು ಒಂದು ಸಲ ಚದುರಿ ಸುಮ್ನೆ ಇರುವುದಿಲ್ಲ, ಮತ್ತೆ ಮತ್ತೆ ಚದುರುತ್ತದೆ. ಕೊನೆಗೆ ಎಲ್ಲ ಬಣ್ಣವೂ ಕಲಸಿಕೊಂಡು ಹೊರಬರುತ್ತದೆ. ಮಧ್ಯಾಹ್ನ ನೆತ್ತಿಯ ಮೇಲೆ ಗಾಢ ನೀಲಿ ಇದ್ದರೂ ದಿಗಂತದ ಹತ್ತಿರ ಆಕಾಶ ಬಿಳಿಚಿಕೊಂಡಿರುತ್ತದೆ, ಅಲ್ವಾ? ಆ ಕಡೆ ಗಾಳಿಯ ಪದರ ಉದ್ದ. ನನ್ನ ಅರ್ಧ ಲೋಟದ ಕಥೆಯೇ ಅದು.

ಸರಿ, ನೀಲಿಗೆ ಬರೋಣ. ಗಾಳಿಯ ಅಣುಗಳು ಬೆಳಕಿನ ಅಲೆಗಿಂತ ತುಂಬಾ ಚಿಕ್ಕವು. ಅಷ್ಟು ಚಿಕ್ಕದಕ್ಕೆ ತಾಗಿದಾಗ ಗಿಡ್ಡ ಅಲೆಯೇ ಜಾಸ್ತಿ ಚದುರುತ್ತದೆ. ಭೌತವಿಜ್ಞಾನಿ ರೇಲಿ 1871ರಲ್ಲಿ ಲೆಕ್ಕ ಹಾಕಿದ್ದು ಇದನ್ನೇ: ಅಲೆಯ ಉದ್ದ ಅರ್ಧವಾದರೆ ಚದುರುವುದು 16 ಪಟ್ಟು. ಕೆಂಪು 650 ನ್ಯಾನೋಮೀಟರ್, ನೀಲಿ 450 ಅಂತಿಟ್ಟುಕೊಳ್ಳಿ, ನೀಲಿ 4 ಪಟ್ಟಿಗೂ ಜಾಸ್ತಿ ಚದುರುತ್ತದೆ. ಸೂರ್ಯನ ಕಡೆ ನೋಡದೆ ಬೇರೆಲ್ಲಿ ನೋಡಿದರೂ ಕಣ್ಣಿಗೆ ಬರುವುದು ಆ ಚದುರಿದ ಬೆಳಕೇ.

ಹಾಗಾದರೆ ನೇರಳೆ ಇನ್ನೂ ಗಿಡ್ಡ, ಆಕಾಶ ಯಾಕೆ ನೇರಳೆಯಲ್ಲ? ಈ ಪ್ರಶ್ನೆ ನನಗೆ ಕಿರಿಕಿರಿ ಅನ್ನಿಸುತ್ತಿತ್ತು, ಈಗ ಇದೇ ಒಳ್ಳೆಯ ಪ್ರಶ್ನೆ ಅನ್ನಿಸುತ್ತಿದೆ. ಬಿಸಿಲಿನಲ್ಲಿ ನೇರಳೆ ಕಮ್ಮಿ, ನಮ್ಮ ಕಣ್ಣೂ ಅದಕ್ಕೆ ಮಂದ. ಅಷ್ಟೇ.

ಈಗ ಸಂಜೆ. ಸೂರ್ಯ ನೆತ್ತಿಯಲ್ಲಿದ್ದಾಗ ಗಾಳಿಯ ದಾರಿ 1 ಅಂದರೆ, ದಿಗಂತದಲ್ಲಿದ್ದಾಗ ಸುಮಾರು 38. ಧೂಳು ಇಲ್ಲದ ಗಾಳಿ ಅಂತ ಇಟ್ಟುಕೊಳ್ಳೋಣ. ನೆತ್ತಿಯಿಂದ ಬರುವಾಗ 100 ಪಾಲು ನೀಲಿಯಲ್ಲಿ ಸುಮಾರು 80 ನೇರವಾಗಿ ತಲುಪುತ್ತದೆ. ದಿಗಂತದಿಂದ ಬರುವಾಗ 10,000ಕ್ಕೆ ಎರಡೋ ಮೂರೋ ಪಾಲು. ಕೆಂಪು ಮಾತ್ರ 100ಕ್ಕೆ 15ರಷ್ಟು ಉಳಿಯುತ್ತದೆ. ಅಂದರೆ ಕೆಂಪು ಎಲ್ಲಿಂದಲೋ ಬರುವುದಿಲ್ಲ, ನೀಲಿ ದಾರಿಯಲ್ಲೇ ಬೇರೆಯವರ ಮಧ್ಯಾಹ್ನಕ್ಕೆ ಹೋಗಿರುತ್ತದೆ.

ಅಯ್ಯೋ, ಟಾರ್ಚು ಮಂಕಾಗುತ್ತಿದೆ. ಆ ತುದಿಯಿಂದ ಇನ್ನೊಂದು ಸಲ ನೋಡಿಕೊಳ್ಳಿ, ಬೇಗ—