ಹೊರಡುವ ಡೆವಲಪರ್ ಬರೆದಿಡಬೇಕಾದ ಹಸ್ತಾಂತರ ದಾಖಲೆ

ಮಾನ್ಯರೇ,

ಸಣ್ಣದೊಂದು ಆ್ಯಪನ್ನು ಒಬ್ಬರೇ ಕಟ್ಟಿ, ಒಬ್ಬರೇ ನಡೆಸಿಕೊಂಡು ಬಂದು, ಈಗ ಬೇರೆ ಕೆಲಸಕ್ಕೆ ಹೊರಟಿರುವ ಡೆವಲಪರ್ ತಮ್ಮ ಜಾಗಕ್ಕೆ ಬರುವವರಿಗಾಗಿ ಏನನ್ನು ಬರೆದಿಡಬೇಕು ಎಂಬುದು ಇಂದಿನ ಉಪನ್ಯಾಸದ ವಿಷಯ. ನಾನು ನೋಡಿರುವ ಇಂಥ ದಾಖಲೆಗಳಲ್ಲಿ ಹೆಚ್ಚಿನವು ಕೋಡಿನ ವಿವರಣೆಯಲ್ಲೇ ಮುಗಿದುಹೋಗುತ್ತವೆ. ಯಾವ ಫೋಲ್ಡರಿನಲ್ಲಿ ಏನಿದೆ ಎಂಬುದನ್ನು ಕೋಡ್ ಬಲ್ಲವರು ತಾವೇ ಓದಿ ತಿಳಿದುಕೊಳ್ಳುತ್ತಾರೆ. ಕೋಡನ್ನು ಎಷ್ಟು ಓದಿದರೂ ತಿಳಿಯದ ಸಂಗತಿಗಳು ಬೇರೆಯೇ ಇವೆ. ದಾಖಲೆಯ ಬಹುಪಾಲು ಪುಟಗಳು ಅವುಗಳಿಗೆ ಸಲ್ಲಬೇಕು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಊರಿನ ಖಾಸಗಿ ಗ್ರಂಥಾಲಯವೊಂದರ ಸದಸ್ಯರು ಪುಸ್ತಕ ಹುಡುಕಲು, ಕಾಯ್ದಿರಿಸಲು ಬಳಸುವ ಆಂಡ್ರಾಯ್ಡ್ ಆ್ಯಪ್ ಅದು. ಅದರ ಹಿಂದೆ ಲಿನಕ್ಸ್ ಇರುವ ಒಂದು ಬಾಡಿಗೆ ಸರ್ವರ್, ಪೈಥಾನಿನಲ್ಲಿ ಬರೆದ ಪ್ರೋಗ್ರಾಂ, ಒಂದೇ ಫೈಲಿನಲ್ಲಿ ಅಡಗಿರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಇವೆ.

ದಾಖಲೆಯ ಮೊದಲ ಪುಟದಲ್ಲಿ ಬರಬೇಕಾದದ್ದು ಆ್ಯಪಿಗೆ ಸಹಿ ಹಾಕುವ ಕೀ. ಆಂಡ್ರಾಯ್ಡ್ ಫೋನು ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಕೂರಿಸಿಕೊಳ್ಳುವ ಮುನ್ನ ಎರಡರ ಸಹಿಯೂ ಹೊಂದುತ್ತದೆಯೇ ಎಂದು ನೋಡುತ್ತದೆ; ಹೊಂದದಿದ್ದರೆ ಕೂರಿಸಲು ಒಪ್ಪುವುದಿಲ್ಲ. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರಿಗೆ ಬರುವ ಹೊಸ ಆ್ಯಪುಗಳಲ್ಲಿ ಈ ಅಂತಿಮ ಸಹಿಯನ್ನು ಗೂಗಲ್ ತನ್ನ ಬಳಿ ಇರುವ ಕೀಯಿಂದ ಹಾಕುತ್ತದೆ, ಡೆವಲಪರ್ ಬಳಿ ಇರುವುದು ಅಪ್‌ಲೋಡ್ ಕೀ ಮಾತ್ರ. ಅದು ಕಳೆದುಹೋದರೆ ಪ್ಲೇ ಕನ್ಸೋಲಿನಲ್ಲಿ ಮನವಿ ಸಲ್ಲಿಸಿ ಬೇರೊಂದನ್ನು ನೋಂದಾಯಿಸಬಹುದು. ಆದರೆ ಅದಕ್ಕಿಂತ ಮೊದಲೇ ಬಂದು, ಆ ವ್ಯವಸ್ಥೆಗೆ ಸೇರದೆ ಉಳಿದಿರುವ ಆ್ಯಪಿನಲ್ಲಿ ಡೆವಲಪರ್ ಬಳಿ ಇರುವುದೇ ಏಕೈಕ ಕೀ. ಅದು ಹೋದರೆ ಬೇರೆ ಪ್ಯಾಕೇಜ್ ಹೆಸರಿನಲ್ಲಿ ಹೊಸ ಆ್ಯಪನ್ನೇ ಪ್ರಕಟಿಸಿ, ಪ್ರತಿಯೊಬ್ಬ ಸದಸ್ಯರಿಗೂ ಅದನ್ನು ಹಾಕಿಕೊಳ್ಳಿ ಎಂದು ಹೇಳಬೇಕಾಗುತ್ತದೆ. ಆದ್ದರಿಂದ ನಮ್ಮ ಆ್ಯಪ್ ಈ ಎರಡರಲ್ಲಿ ಯಾವ ಬಗೆಯದು ಎಂಬುದನ್ನು ದಾಖಲೆ ಒಂದೇ ವಾಕ್ಯದಲ್ಲಿ ಹೇಳಬೇಕು. ಆ ಬಳಿಕ ಕೀಸ್ಟೋರ್ ಫೈಲ್ ಎಲ್ಲಿದೆ, ಅದರೊಳಗಿನ ಅಲಿಯಾಸ್ ಯಾವುದು ಎಂದು ಬರೆದು, ಫೈಲ್ ಸರಿಯಾದದ್ದೇ ಎಂದು ಖಚಿತಪಡಿಸಿಕೊಳ್ಳುವ ಆದೇಶವನ್ನೂ ಕೊಡಬೇಕು:

```
keytool -list -v -keystore upload.jks
```

ಇದು ತೋರಿಸುವ SHA-256 ಸಾಲು ಪ್ಲೇ ಕನ್ಸೋಲಿನ ಆ್ಯಪ್ ಸಹಿಯ ಪುಟದಲ್ಲಿರುವ ಅಪ್‌ಲೋಡ್ ಕೀ ಸಾಲಿಗೆ ಅಕ್ಷರಶಃ ಹೊಂದಬೇಕು. ಪಾಸ್‌ವರ್ಡನ್ನು ಮಾತ್ರ ದಾಖಲೆಯಲ್ಲಿ ಬರೆಯಬಾರದು. ಅದು ಗ್ರಂಥಾಲಯದ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಯಾವ ಹೆಸರಿನಡಿ ಇದೆ ಎಂದು ಹೇಳಿದರೆ ಸಾಕು.

ಸಹಿಗೇ ಸೇರಿದ ಇನ್ನೊಂದು ತೊಡಕಿದೆ. ಹೊಸಬರು ತಮ್ಮ ಕಂಪ್ಯೂಟರಿನಲ್ಲಿ ಆ್ಯಪ್ ಕಟ್ಟಿ ಫೋನಿಗೆ ಹಾಕಿ ನೋಡಿದರೆ ಗೂಗಲ್ ಲಾಗಿನ್ ಕೆಲಸ ಮಾಡುವುದಿಲ್ಲ, ದೋಷಸಂಖ್ಯೆ 10 ಕಾಣಿಸುತ್ತದೆ. ಸದಸ್ಯರ ಫೋನುಗಳಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಪರೀಕ್ಷಾ ಆವೃತ್ತಿಗೆ ಸಹಿ ಹಾಕುವ, ಹೊಸಬರ ಕಂಪ್ಯೂಟರಿನ ಡೀಬಗ್ ಕೀಯ SHA-1 ಗೂಗಲ್ ಬಳಿ ನೋಂದಣಿಯಾಗಿಲ್ಲ ಎಂಬುದಷ್ಟೇ ಇದರ ಕಾರಣ. ಈ ಒಂದು ಸಾಲು ದಾಖಲೆಯಲ್ಲಿ ಇಲ್ಲದಿದ್ದರೆ ಹೊಸಬರು ತಪ್ಪೇ ಇಲ್ಲದ ಲಾಗಿನ್ ಕೋಡನ್ನು ತಿದ್ದುತ್ತಾ ಕೂರುತ್ತಾರೆ.

ಖಾತೆಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ಲೇ ಕನ್ಸೋಲ್ ಖಾತೆ ಹೊರಡುವವರ ಸ್ವಂತದ್ದಾಗಿದ್ದರೆ, ಗ್ರಂಥಾಲಯವು 25 ಡಾಲರ್ ನೋಂದಣಿ ಶುಲ್ಕ ಕಟ್ಟಿ ತನ್ನದೇ ಖಾತೆ ತೆರೆದು, ಆ್ಯಪನ್ನು ಅದಕ್ಕೆ ವರ್ಗಾಯಿಸಿಕೊಳ್ಳಬೇಕು. ಡೊಮೇನ್ ಹೆಸರಿಗೂ ಸರ್ವರ್ ಬಾಡಿಗೆಗೂ ಇದೇ ಮಾತು ಅನ್ವಯಿಸುತ್ತದೆ: ಯಾರ ಇಮೇಲ್, ಯಾರ ಕಾರ್ಡ್, ಒಟಿಪಿ ಯಾರ ಫೋನಿಗೆ ಬರುತ್ತದೆ.

ಇನ್ನು ತಾವಾಗಿ ನಿಂತುಹೋಗುವ ವಸ್ತುಗಳು. ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ, ಸರ್ವರಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಪ್ರಮಾಣಪತ್ರದ ಅವಧಿ 90 ದಿನ. ಸರ್ವರ್ ಅದನ್ನು ತಾನೇ ನವೀಕರಿಸಿಕೊಳ್ಳುವಂತೆ ಮಾಡಿರುತ್ತೇವೆ. ಅದು ಕೆಟ್ಟರೆ ಹಿಂದೆ ಎಚ್ಚರಿಕೆಯ ಇಮೇಲ್ ಬರುತ್ತಿತ್ತು. 2025ರ ಜೂನ್‌ನಲ್ಲಿ ಆ ಇಮೇಲುಗಳು ನಿಂತಿವೆ. ಹೀಗಾಗಿ `certbot renew --dry-run` ಎಂಬ ಪರೀಕ್ಷೆಯನ್ನು ಆಗಾಗ ನಡೆಸಲು ದಾಖಲೆ ಹೇಳಬೇಕು. ಪ್ಲೇ ಸ್ಟೋರ್ ಕೂಡ ಆ್ಯಪ್ ಗುರಿಯಾಗಿಟ್ಟುಕೊಳ್ಳಬೇಕಾದ ಆಂಡ್ರಾಯ್ಡ್ ಎಪಿಐ ಮಟ್ಟವನ್ನು ವರ್ಷವರ್ಷವೂ ಏರಿಸುತ್ತದೆ. 2025ರ ಆಗಸ್ಟ್ 31ರ ಗಡುವಿನಲ್ಲಿ ಅದು 35ಕ್ಕೆ ಬಂತು. ಕೋಡಿನಲ್ಲಿ ಯಾವ ದೋಷವೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಈ ಕೆಲಸ ಇದ್ದೇ ಇರುತ್ತದೆ ಎಂಬುದು ಗ್ರಂಥಾಲಯದ ಆಡಳಿತ ಮಂಡಳಿಗೂ ಗೊತ್ತಿರಬೇಕು.

ಬ್ಯಾಕಪ್ ಬಗ್ಗೆ “ಪ್ರತಿದಿನ ಆಗುತ್ತದೆ” ಎಂದು ಬರೆದರೆ ಏನೂ ಬರೆದಂತಾಗುವುದಿಲ್ಲ. ಎಸ್‌ಕ್ಯೂಲೈಟ್ ವಾಲ್ ವಿಧಾನದಲ್ಲಿ ನಡೆಯುತ್ತಿರುವಾಗ ಇತ್ತೀಚಿನ ಬದಲಾವಣೆಗಳು ಪಕ್ಕದ `-wal` ಫೈಲಿನಲ್ಲಿರುತ್ತವೆ. ಮುಖ್ಯ ಫೈಲನ್ನಷ್ಟೇ ನಕಲು ಮಾಡಿದರೆ ಇಂದು ಬೆಳಿಗ್ಗೆ ಕೊಟ್ಟ ಪುಸ್ತಕಗಳ ಲೆಕ್ಕವೇ ನಕಲಿನಲ್ಲಿ ಇಲ್ಲದಿರಬಹುದು. ಆದ್ದರಿಂದ ಎಸ್‌ಕ್ಯೂಲೈಟಿನದೇ ಆದ `.backup` ಆದೇಶವನ್ನು ಬಳಸಬೇಕು, ಬಳಸಿದ್ದು ಏಕೆಂದೂ ಬರೆಯಬೇಕು; ಇಲ್ಲವಾದರೆ ಮುಂದೆ ಬಂದವರು ಅದನ್ನು ತೆಗೆದು ಸರಳವಾದ `cp` ಹಾಕುತ್ತಾರೆ. ಮರುಸ್ಥಾಪನೆಯ ಹೆಜ್ಜೆಗಳೂ ಇರಬೇಕು: ನಿನ್ನೆಯ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು `PRAGMA integrity_check;` ಕೊಟ್ಟರೆ `ok` ಬರಬೇಕು, ಬಳಿಕ ನಿನ್ನೆ ಸಂಜೆ ಕೊಟ್ಟ ಕೊನೆಯ ಪುಸ್ತಕ ಅದರಲ್ಲಿದೆಯೇ ಎಂದು ರಿಜಿಸ್ಟರಿನೊಡನೆ ತಾಳೆ ನೋಡಬೇಕು.

ನನಗೆ ಅತ್ಯಂತ ಉಪಯುಕ್ತವೆನಿಸುವ ಭಾಗ ಇನ್ನೊಂದಿದೆ. ವಿಚಿತ್ರವಾಗಿ ಕಾಣುವ ಸಾಲುಗಳ ಹಿಂದಿನ ಕಾರಣ. ನಮ್ಮ ಗ್ರಂಥಾಲಯದ ಹುಡುಕಾಟದ ಕೋಡಿನಲ್ಲಿ ಹೀಗೊಂದು ಸಾಲು ಇದೆ ಎನ್ನಿ:

```
q = q.replace("\u200c", "").replace("\u200d", "")
```

ಕನ್ನಡ ಪಠ್ಯದಲ್ಲಿ ಕಣ್ಣಿಗೆ ಕಾಣದ ಎರಡು ಜೋಡಣೆ ಚಿಹ್ನೆಗಳು ಅಲ್ಲಲ್ಲಿ ಸೇರಿಕೊಂಡಿರುತ್ತವೆ. “ರಾಜ್‌ಕುಮಾರ್” ಎಂಬಲ್ಲಿ ಜಕಾರಕ್ಕೆ ಕಕಾರದ ಒತ್ತು ಬೀಳದಂತೆ ತಡೆಯಲು ಒಂದು, “ರ‍್ಯಾಂಕ್” ಎಂಬಲ್ಲಿ ರಕಾರವು ಅರ್ಕಾವತ್ತಾಗದಂತೆ ತಡೆಯಲು ಇನ್ನೊಂದು. ಪುಸ್ತಕಪಟ್ಟಿಯ ಒಂದು ಭಾಗ ನುಡಿ ತಂತ್ರಾಂಶದ ಹಳೆಯ ಫೈಲುಗಳಿಂದ ಯೂನಿಕೋಡಿಗೆ ಪರಿವರ್ತನೆಯಾಗಿ ಬಂದದ್ದು, ಇನ್ನೊಂದು ಭಾಗ ಫೋನಿನ ಕೀಲಿಮಣೆಯಲ್ಲಿ ಟೈಪಾದದ್ದು. ಒಂದರಲ್ಲಿ ಈ ಚಿಹ್ನೆಗಳಿವೆ, ಇನ್ನೊಂದರಲ್ಲಿ ಇಲ್ಲ. ಹಾಗಾಗಿ ಪುಸ್ತಕ ಕಪಾಟಿನಲ್ಲಿದ್ದರೂ ಹುಡುಕಾಟದಲ್ಲಿ ಸಿಗುತ್ತಿರಲಿಲ್ಲ. ಆ ಸಾಲು ಹುಡುಕುವ ಪದದಿಂದ ಅವುಗಳನ್ನು ತೆಗೆಯುತ್ತದೆ. ಶೀರ್ಷಿಕೆಯ ಹುಡುಕಾಟದ ಕಾಲಂನಿಂದಲೂ ಅವನ್ನು ತೆಗೆದೇ ಉಳಿಸಲಾಗಿದೆ. ಒಂದು ಕಡೆ ತೆಗೆದು ಇನ್ನೊಂದು ಕಡೆ ಬಿಟ್ಟರೆ ಹಳೆಯ ದೋಷ ಮರಳುತ್ತದೆ. ಇಷ್ಟನ್ನು ಬರೆದಿಡದಿದ್ದರೆ, ಅಚ್ಚುಕಟ್ಟಿನ ಹೊಸಬರು ಆ ಸಾಲನ್ನು ಅನಗತ್ಯವೆಂದು ಅಳಿಸುವುದು ಖಂಡಿತ. ಅವರನ್ನು ದೂರುವಂತೆಯೂ ಇಲ್ಲ.

ದಾಖಲೆ ಸಾಕಷ್ಟಿದೆಯೇ ಎಂದು ಬರೆದವರು ತಾವೇ ಓದಿ ನಿರ್ಧರಿಸಲಾಗದು, ಏಕೆಂದರೆ ಬಿಟ್ಟುಹೋದ ಹೆಜ್ಜೆಯನ್ನು ಅವರ ಮನಸ್ಸು ತಾನಾಗಿ ತುಂಬಿಕೊಳ್ಳುತ್ತದೆ. ಹೊರಡುವ ಮುನ್ನ ಹೊಸಬರು ದಾಖಲೆಯನ್ನಷ್ಟೇ ಹಿಡಿದು, ಪರದೆಯ ಮೇಲಿನ ಒಂದು ಪದವನ್ನು ಬದಲಿಸಿ, `versionCode` ಏರಿಸಿ, ಸಹಿ ಹಾಕಿ, ಪ್ಲೇ ಸ್ಟೋರಿನ ಆಂತರಿಕ ಪರೀಕ್ಷೆಯ ಹಂತಕ್ಕೆ ಬಿಡುಗಡೆ ಮಾಡಲಿ. ಹಳಬರು ಪಕ್ಕದಲ್ಲಿ ಕೂತು ಬಾಯಿ ಬಿಡದೆ, ಪ್ರತಿ ಪ್ರಶ್ನೆಯನ್ನೂ ಬರೆದುಕೊಳ್ಳಲಿ. ಅಲ್ಲಿ ಬಂದ ಒಂದೊಂದು ಪ್ರಶ್ನೆಯೂ ದಾಖಲೆಯಲ್ಲಿ ಕಾಣೆಯಾಗಿರುವ ಒಂದು ಸಾಲು.

ಬಿಡುಗಡೆಯೂ ಬ್ಯಾಕಪ್ ಮರುಸ್ಥಾಪನೆಯೂ ಹೊಸಬರ ಕೈಯಲ್ಲಿ ಆದ ಮೇಲೆ ಹಳಬರ ಪ್ರವೇಶವನ್ನು ತೆಗೆಯಬೇಕು. ಇಲ್ಲಿಯೂ ಒಂದು ಅಪಾಯವಿದೆ. ರಾತ್ರಿಯ ಬ್ಯಾಕಪ್ ಹಳಬರ ಹೆಸರಿನ ಲಿನಕ್ಸ್ ಖಾತೆಯಲ್ಲಿ ನಿಗದಿತ ಹೊತ್ತಿಗೆ ತಾವಾಗಿ ನಡೆಯುವ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬಿನಲ್ಲಿದ್ದರೆ, ಆ ಖಾತೆಯನ್ನು ಅಳಿಸಿದ ದಿನವೇ ಅದು ಸದ್ದಿಲ್ಲದೆ ನಿಲ್ಲುತ್ತದೆ. ಆದ್ದರಿಂದ ಹೊರಡುವವರು ತಮ್ಮ ಹೆಸರಿನಲ್ಲಿ `crontab -l` ನಡೆಸಿ, ಅಲ್ಲಿರುವ ಪ್ರತಿ ಸಾಲನ್ನೂ ಆ್ಯಪಿನದೇ ಖಾತೆಗೆ ಸಾಗಿಸಬೇಕು. ತಮ್ಮ ಖಾತೆಯನ್ನು ಒಂದು ವಾರ ಅಳಿಸದೆ, ಬೀಗ ಹಾಕಿ ಮಾತ್ರ ಇಡಬೇಕು. ಆ ವಾರದ ಪ್ರತಿ ಬೆಳಿಗ್ಗೆ ಹೊಸ ಬ್ಯಾಕಪ್ ಫೈಲ್ ಬಂದಿದೆಯೇ, ಅದರ ಗಾತ್ರ ಹಿಂದಿನ ದಿನದ ಆಸುಪಾಸಿನಲ್ಲಿದೆಯೇ ಎಂದು ಹೊಸಬರು ನೋಡಿಕೊಂಡ ಬಳಿಕವೇ ಆ ಖಾತೆಯನ್ನು ಅಳಿಸಬಹುದು.